ಬ್ರ್ಯಾಡ್‌ಫೋರ್ಡ್‌ನಲ್ಲಿ 20ರಿಂದ ಗುಣಿಸಬೇಕೋ, 51ರಿಂದಲೂ ಗುಣಿಸಬೇಕೋ?

ಪ್ರಶ್ನೆ: ಬಿಎಸ್‌ಎ ಸ್ಟ್ಯಾಂಡರ್ಡ್‌ಗಳು 0, 0.125, 0.25, 0.5, 0.75, 1.0 ಮಿಗ್ರಾಂ/ಮಿಲಿ. ಬ್ಲಾಂಕ್ ಕಳೆದ ಮೇಲೆ ಓಡಿ 0, 0.105, 0.200, 0.370, 0.510, 0.625. ಪ್ರತಿ ಟ್ಯೂಬಿಗೂ 20 ಮೈಕ್ರೊಲೀಟರ್ ಹಾಕಿ 1 ಮಿಲಿ ರಿಯೇಜೆಂಟ್ ಸೇರಿಸಿದೆ. ಲೈಸೇಟನ್ನು 10, 20, 40 ಪಟ್ಟು ಡೈಲ್ಯೂಟ್ ಮಾಡಿದಾಗ ಓಡಿ 0.545, 0.318, 0.171. ಎಕ್ಸೆಲ್ ನೇರ ಗೆರೆಗೆ ಆರ್-ಸ್ಕ್ವೇರ್ 0.99 ಕೊಟ್ಟಿತು, ಆದರೂ ಮೂರಕ್ಕೂ ಬೇರೆ ಬೇರೆ ಉತ್ತರ. ರಿಯೇಜೆಂಟಿನ 51 ಪಟ್ಟನ್ನೂ ಗುಣಿಸಬೇಕು ಅಂತ ಒಬ್ಬರು ಹೇಳಿದರು. ಯಾವುದು ಸರಿ?

ಉತ್ತರ:

51 ಬೇಡ. ಲೈಸೇಟನ್ನು ಟ್ಯೂಬಿಗೆ ಹಾಕುವ ಮೊದಲು ಎಷ್ಟು ಪಟ್ಟು ತೆಳುವಾಗಿಸಿದಿರೋ ಅಷ್ಟರಿಂದ ಮಾತ್ರ ಗುಣಿಸಿ. ನಿಮ್ಮ ಲೈಸೇಟ್‌ನಲ್ಲಿ ಪ್ರೋಟೀನ್ ಸುಮಾರು 8.3 ಮಿಗ್ರಾಂ/ಮಿಲಿ ಇದೆ. ಮೂರು ಉತ್ತರ ಬಂದದ್ದಕ್ಕೆ ಕಾರಣ ಗುಣಾಕಾರ ಅಲ್ಲ, ಆ ನೇರ ಗೆರೆ.

ಮೊದಲು 51ರ ವಿಷಯ. 20 ಮೈಕ್ರೊಲೀಟರ್ ಸ್ಯಾಂಪಲ್ 1020 ಮೈಕ್ರೊಲೀಟರ್ ಆಗುವುದು ನಿಜ, 1020/20 ಅಂದರೆ 51 ಅನ್ನುವುದೂ ನಿಜ. ಆದರೆ ನಿಮ್ಮ ಬಿಎಸ್‌ಎ ಕೂಡ ಅದೇ 51 ಪಟ್ಟು ತೆಳುವಾಗಿದೆಯಲ್ಲ. 0.5 ಮಿಗ್ರಾಂ/ಮಿಲಿ ಅಂತ ನೀವು ಅಡ್ಡ ಅಕ್ಷದಲ್ಲಿ ಗುರುತಿಸಿದ್ದು ಸ್ಟ್ಯಾಂಡರ್ಡ್ ಬಾಟಲಿಯೊಳಗಿನ ಅಳತೆ, ಕ್ಯುವೆಟ್ ಒಳಗಿನದಲ್ಲ. ಹಾಗಾಗಿ ಆ ಕರ್ವ್ ಮೇಲೆ ಓದಿದ ಯಾವ ಸಂಖ್ಯೆಯೂ 'ಟ್ಯೂಬಿಗೆ ಹಾಕಿದ 20 ಮೈಕ್ರೊಲೀಟರ್‌ನಲ್ಲಿ ಇದ್ದ ಸಾಂದ್ರತೆ' ಎಂದೇ ಅರ್ಥ. 51 ಆಗಲೇ ಅದರೊಳಗೆ ಅಡಗಿ ಕೂತಿದೆ.

ಹಾಗಾದರೆ 51 ಎಲ್ಲಿಂದ ಬಂತು? ಕೆಲವರು ಅಡ್ಡ ಅಕ್ಷದಲ್ಲಿ ಕ್ಯುವೆಟ್ ಒಳಗಿನ ಅಂತಿಮ ಸಾಂದ್ರತೆ ಹಾಕುತ್ತಾರೆ. ಅಂಥವರು 51ರಿಂದ ಗುಣಿಸಲೇಬೇಕು. ಇನ್ನು ಕೆಲವರು ಟ್ಯೂಬಿಗೆ ಬಿದ್ದ ಮೈಕ್ರೊಗ್ರಾಂ ಹಾಕುತ್ತಾರೆ. ಅವರು 20 ಮೈಕ್ರೊಲೀಟರ್‌ನಿಂದ ಭಾಗಿಸಬೇಕು. ನಿಮ್ಮ 20 ಪಟ್ಟಿನ ಸ್ಯಾಂಪಲ್ಲನ್ನೇ ಹಿಡಿಯಿರಿ. ನಿಮ್ಮ ಕರ್ವ್‌ನಲ್ಲಿ ಅದು 0.417 ಮಿಗ್ರಾಂ/ಮಿಲಿ (ಹೇಗೆ ಅಂತ ಕೆಳಗೆ ಹೇಳುತ್ತೇನೆ). ಮೈಕ್ರೊಗ್ರಾಂ ಲೆಕ್ಕದಲ್ಲಿ ಅದೇ 8.35 ಮೈಕ್ರೊಗ್ರಾಂ, 20ರಿಂದ ಭಾಗಿಸಿದರೆ ಮತ್ತೆ 0.417. ಕ್ಯುವೆಟ್ ಲೆಕ್ಕದಲ್ಲಿ 8.18 ಮೈಕ್ರೊಗ್ರಾಂ/ಮಿಲಿ, 51ರಿಂದ ಗುಣಿಸಿದರೆ 417 ಮೈಕ್ರೊಗ್ರಾಂ/ಮಿಲಿ, ಅಂದರೆ ಅದೇ 0.417. ಮೂರು ದಾರಿ, ಒಂದೇ ಊರು. ಒಬ್ಬರ ಅಕ್ಷ ಹಿಡಿದು ಇನ್ನೊಬ್ಬರ ಸೂತ್ರ ಹಾಕಿದಾಗಲೇ ಕೆಡುವುದು. 20 ಪಟ್ಟಿನಿಂದ ಗುಣಿಸಿದಾಗ ಬರುವ ನಿಮ್ಮ 8.35 ಮಿಗ್ರಾಂ/ಮಿಲಿಯನ್ನು ಮತ್ತೆ 51ರಿಂದಲೂ ಗುಣಿಸಿದ್ದರೆ 426 ಮಿಗ್ರಾಂ/ಮಿಲಿ ಬರುತ್ತಿತ್ತು. ಪಿಪೆಟ್‌ನಲ್ಲಿ ನೀರಿನಂತೆ ಇಳಿಯುವ ಲೈಸೇಟ್ ಅಷ್ಟು ಗಟ್ಟಿ ಇರಲು ಸಾಧ್ಯವೇ ಇಲ್ಲ. ಉತ್ತರ ನೂರರ ಲೆಕ್ಕದಲ್ಲಿ ಬಂದರೆ ಮೊದಲು ಅಕ್ಷದ ಹೆಸರು ನೋಡಿ.

ಈಗ ಗೆರೆಯ ವಿಷಯ, ನಿಜವಾದ ತೊಂದರೆ ಇರುವುದು ಇಲ್ಲೇ. ನಿಮ್ಮ ಆರೂ ಬಿಂದುಗಳಿಗೆ ನೇರ ಗೆರೆ ಎಳೆದರೆ y = 0.625x + 0.028 ಬರುತ್ತದೆ, ಆರ್-ಸ್ಕ್ವೇರ್ 0.990. ನೋಡಲು ಚೆನ್ನಾಗಿದೆ. ಆದರೆ ನಿಮ್ಮದೇ 0.5ರ ಸ್ಟ್ಯಾಂಡರ್ಡನ್ನು ಅದೇ ಗೆರೆಗೆ ಕೊಟ್ಟು ನೋಡಿ: ಓಡಿ 0.370ಕ್ಕೆ ಗೆರೆ ಹೇಳುವುದು 0.547. ತನ್ನ ಸ್ವಂತ ಸ್ಟ್ಯಾಂಡರ್ಡಿನಲ್ಲೇ ಶೇ. 9 ತಪ್ಪುವ ಗೆರೆ ಸ್ಯಾಂಪಲ್ ವಿಷಯದಲ್ಲಿ ಸತ್ಯ ಹೇಳುತ್ತದೆಯೇ? ಸೊನ್ನೆ ಪ್ರೋಟೀನಿಗೆ 0.028 ಓಡಿ ಇರಬೇಕೆಂದೂ ಅದು ಹೇಳುತ್ತಿದೆ, ನೀವೋ ಬ್ಲಾಂಕ್ ಕಳೆದಾಗಿದೆ. ಆರ್-ಸ್ಕ್ವೇರ್ ನೋಡಿ ಸಮಾಧಾನ ಪಡುವ ಬದಲು ಪ್ರತಿ ಸ್ಟ್ಯಾಂಡರ್ಡನ್ನೂ ಹೀಗೆ ಹಿಂದಕ್ಕೆ ಓದಿಸಿ ನೋಡುವುದು ನನ್ನ ಮಟ್ಟಿಗೆ ಹೆಚ್ಚು ಪ್ರಾಮಾಣಿಕ ಪರೀಕ್ಷೆ.

ಬ್ರ್ಯಾಡ್‌ಫೋರ್ಡ್ ಕರ್ವ್ ಬಾಗುವುದು ನಿಮ್ಮ ಕೈ ತಪ್ಪಲ್ಲ. ರಿಯೇಜೆಂಟಿನಲ್ಲಿರುವ ಕೂಮಾಸಿ ಜಿ-250 ಬಣ್ಣ ಆಮ್ಲದಲ್ಲಿ ಕಂದು ಬಣ್ಣಕ್ಕಿರುತ್ತದೆ, ಸುಮಾರು 465 ನ್ಯಾನೊಮೀಟರ್‌ನಲ್ಲಿ ಬೆಳಕು ಹೀರುತ್ತದೆ. ಪ್ರೋಟೀನಿಗೆ, ಮುಖ್ಯವಾಗಿ ಅದರ ಆರ್ಜಿನಿನ್‌ಗಳಿಗೆ, ಅಂಟಿಕೊಂಡಾಗ ನೀಲಿಯಾಗಿ 595ರಲ್ಲಿ ಹೀರುತ್ತದೆ. ಪ್ರೋಟೀನ್ ಹೆಚ್ಚಿದಂತೆ ಅಂಟಿಕೊಳ್ಳಲು ಬಿಡುವಾಗಿರುವ ಬಣ್ಣ ಕಮ್ಮಿಯಾಗುತ್ತಾ ಹೋಗುತ್ತದೆ. ಮೇಲಾಗಿ ಆ ಬಿಡಿ ಬಣ್ಣವೂ 595ರಲ್ಲಿ ಸ್ವಲ್ಪ ಹೀರುತ್ತದೆ, ಅದು ಕಮ್ಮಿಯಾದಷ್ಟೂ ನೀವು ಬ್ಲಾಂಕಿಗೆಂದು ಕಳೆಯುವ ಸಂಖ್ಯೆ ಅಗತ್ಯಕ್ಕಿಂತ ಜಾಸ್ತಿಯಾಗುತ್ತದೆ. ಎರಡೂ ಸೇರಿ ಮೇಲ್ತುದಿ ಬಾಗುತ್ತದೆ.

ಎಕ್ಸೆಲ್‌ನಲ್ಲಿ ಟ್ರೆಂಡ್‌ಲೈನ್ ಹಾಕುವಾಗ ಪಾಲಿನೋಮಿಯಲ್, ಆರ್ಡರ್ 2 ಆರಿಸಿ, ಇಂಟರ್‌ಸೆಪ್ಟ್ 0 ಕೊಡಿ. ನಿಮ್ಮ ಬಿಂದುಗಳಿಗೆ ಹೆಚ್ಚುಕಮ್ಮಿ y = −0.235x² + 0.86x ಹೊಂದುತ್ತದೆ. ಇದರಲ್ಲಿ 0.5ಕ್ಕೆ 0.371, 0.75ಕ್ಕೆ 0.513 ಬರುತ್ತದೆ, ನೀವು ಅಳೆದದ್ದು 0.370 ಮತ್ತು 0.510. ಓಡಿಯಿಂದ ಸಾಂದ್ರತೆಗೆ ಹಿಂದಕ್ಕೆ ಬರಲು ವರ್ಗ ಸಮೀಕರಣ ಬಿಡಿಸಬೇಕು. A2ರಲ್ಲಿ ಓಡಿ, B2ರಲ್ಲಿ ಡೈಲ್ಯೂಷನ್ ಪಟ್ಟು ಇಟ್ಟರೆ:

```
=(0.86-SQRT(0.86^2-4*0.235*A2))/(2*0.235)*B2
```

ಎರಡು ಮೂಲಗಳಲ್ಲಿ ಚಿಕ್ಕದೇ ನಮಗೆ ಬೇಕಾದದ್ದು, ಅದಕ್ಕೇ ಮೈನಸ್. ಈಗ ನಿಮ್ಮ ಮೂರು ಓಡಿಗಳು: 0.545ಕ್ಕೆ 0.815, ಅದನ್ನು 10ರಿಂದ ಗುಣಿಸಿದರೆ 8.15. 0.318ಕ್ಕೆ 0.417, 20ರಿಂದ 8.35. 0.171ಕ್ಕೆ 0.211, 40ರಿಂದ 8.44. ನೇರ ಗೆರೆಯಲ್ಲಿ ಇವೇ 8.3, 9.3, 9.1 ಆಗಿದ್ದವು. ಸರಾಸರಿ ತೆಗೆದು 8.3 ಮಿಗ್ರಾಂ/ಮಿಲಿ ಅಂತ ಬರೆದುಕೊಳ್ಳಿ. ಜೆಲ್‌ನ ಒಂದು ಲೇನಿಗೆ 30 ಮೈಕ್ರೊಗ್ರಾಂ ಬೇಕಾದರೆ 30/8.3, ಅಂದರೆ 3.6 ಮೈಕ್ರೊಲೀಟರ್.

ಒಂದೇ ಡೈಲ್ಯೂಷನ್ ಮಾಡುವಷ್ಟು ಸ್ಯಾಂಪಲ್ ಇದ್ದರೆ ಓಡಿ ಕರ್ವ್‌ನ ನಡುಭಾಗಕ್ಕೆ ಬೀಳುವಂಥದ್ದನ್ನು, ಇಲ್ಲಿ 20 ಪಟ್ಟನ್ನು, ಆರಿಸಿಕೊಳ್ಳಿ. 40 ಪಟ್ಟಿನಲ್ಲಿ ಓಡಿ 0.01 ಅಲುಗಾಡಿದರೆ ಉತ್ತರ 0.5 ಮಿಗ್ರಾಂ/ಮಿಲಿ ಅಲುಗಾಡುತ್ತದೆ. 10 ಪಟ್ಟಿನಲ್ಲಿ ಕರ್ವ್ ಚಪ್ಪಟೆಯಾಗುತ್ತಾ ಬಂದಿರುವುದರಿಂದ ಓಡಿಯ ಶೇ. 5 ತಪ್ಪು ಉತ್ತರದಲ್ಲಿ ಶೇ. 7ಕ್ಕೆ ಬೆಳೆಯುತ್ತದೆ. 1.0ರ ಸ್ಟ್ಯಾಂಡರ್ಡಿಗಿಂತ ಮೇಲೆ ಹೋದ ಓಡಿಯನ್ನು ಕರ್ವ್ ಮುಂದುವರಿಸಿ ಓದಲೇಬೇಡಿ. ನೀಲಿಯಾದ ಆ ಟ್ಯೂಬಿಗೆ ನೀರು ಸುರಿದು ಓದುವುದೂ ಸಲ್ಲ, ಬಣ್ಣ ಮತ್ತು ಆಮ್ಲ ಎರಡೂ ತೆಳುವಾಗಿ ಸಮತೋಲ ತಪ್ಪುತ್ತದೆ. ಮೂಲ ಲೈಸೇಟನ್ನೇ ಮತ್ತೆ ಡೈಲ್ಯೂಟ್ ಮಾಡಿ ಹೊಸ ಟ್ಯೂಬ್ ಹಾಕಿ.

ಡೈಲ್ಯೂಷನ್ ಮಾಡುವಾಗಲೇ ಆಗುವ ತಪ್ಪು ಇನ್ನೊಂದಿದೆ. 10 ಪಟ್ಟು ಅಂದರೆ 10 ಮೈಕ್ರೊಲೀಟರ್ ಲೈಸೇಟ್, 90 ಬಫರ್. 10ಕ್ಕೆ 100 ಹಾಕಿದರೆ ಅದು 11 ಪಟ್ಟು, ಅಲ್ಲೇ ಶೇ. 9 ಹೋಯಿತು. 20 ಪಟ್ಟಿಗೆ 10 ಮತ್ತು 190. ಅದರಲ್ಲಿ 100 ತೆಗೆದು 100 ಬಫರ್ ಸೇರಿಸಿದರೆ 40 ಪಟ್ಟು. ನೋಟ್‌ಬುಕ್‌ನಲ್ಲಿ '1:10' ಅಂತ ಬರೆಯದೆ '10 + 90' ಅಂತ ಬರೆದರೆ ಆರು ತಿಂಗಳ ಮೇಲೂ ಯಾರಿಗೂ ಅನುಮಾನ ಬರುವುದಿಲ್ಲ. ಗಟ್ಟಿ ಲೈಸೇಟ್ ಟಿಪ್ಪಿನ ಹೊರಗೋಡೆಗೂ ಮೆತ್ತಿಕೊಳ್ಳುತ್ತದೆ, ಅದನ್ನು ಟ್ಯೂಬಿನ ಅಂಚಿಗೆ ಒರಸಿ ಬಿಡಿ.

ಮೂರು ಡೈಲ್ಯೂಷನ್‌ಗಳ ಉತ್ತರ ಹೊಂದದೆ, ಡೈಲ್ಯೂಷನ್ ಹೆಚ್ಚಿದಂತೆ ಏರುತ್ತಾ ಹೋದರೆ ಏರುವ ರೀತಿ ಗಮನಿಸಿ. ಮೊದಲ ಹೆಜ್ಜೆಯಲ್ಲಿ ಏರಿ ಆಮೇಲೆ ನಿಂತರೆ ಮೊದಲ ಟ್ಯೂಬಿನಲ್ಲಿ ಪ್ರೋಟೀನ್ ತುಂಬಾ ಜಾಸ್ತಿಯಿತ್ತು, ಕರ್ವ್‌ನ ಚಪ್ಪಟೆ ಭಾಗದಲ್ಲಿ ಓದಿದ್ದೀರಿ. ಏರಿಕೆ ಪ್ರತಿ ಸಲ ಹೆಚ್ಚುತ್ತಾ ಹೋದರೆ ಬ್ಲಾಂಕ್ ತಪ್ಪಿದೆ. ಬ್ಲಾಂಕ್‌ನಲ್ಲಿ 0.02 ಕಡಿಮೆ ಕಳೆದಿದ್ದರೆ ನಿಮ್ಮ ಉತ್ತರಕ್ಕೆ 10 ಪಟ್ಟಿನಲ್ಲಿ ಸುಮಾರು 0.43, 20ರಲ್ಲಿ 0.61, 40ರಲ್ಲಿ 1.06 ಮಿಗ್ರಾಂ/ಮಿಲಿ ಸುಳ್ಳಾಗಿ ಸೇರುತ್ತದೆ. ಇದರ ತದ್ವಿರುದ್ಧವೂ ಆಗುತ್ತದೆ: ಬ್ಲಾಂಕ್ ಇಟ್ಟು ಯಂತ್ರವನ್ನು ಸೊನ್ನೆಗೆ ತಂದು, ಎಕ್ಸೆಲ್‌ನಲ್ಲಿ ಮತ್ತೊಮ್ಮೆ ಬ್ಲಾಂಕ್ ಕಳೆಯುವವರು ಇದ್ದಾರೆ.

ಡೈಲ್ಯೂಷನ್ ಪರೀಕ್ಷೆಗೆ ಸಿಗದ ಕಳ್ಳನೆಂದರೆ ಡಿಟರ್ಜೆಂಟ್. ಲೈಸಿಸ್ ಬಫರ್‌ನಲ್ಲಿ ಎಸ್‌ಡಿಎಸ್ ಅಥವಾ ಟ್ರೈಟನ್ ಎಕ್ಸ್-100 ಇದ್ದರೆ ಅದೂ ಈ ಬಣ್ಣದ ಸಮತೋಲ ಕೆಡಿಸುತ್ತದೆ. ಲೈಸೇಟ್ ತೆಳುವಾದಂತೆ ಡಿಟರ್ಜೆಂಟೂ ತೆಳುವಾಗುವುದರಿಂದ ಮೂರೂ ಉತ್ತರಗಳು ಹೊಂದಿಕೊಂಡೇ ತಪ್ಪಾಗಿರಬಹುದು. ಇದಕ್ಕೆ ಒಂದು ಟ್ಯೂಬ್ ಸಾಕು: ಪ್ರೋಟೀನ್ ಇಲ್ಲದ ಬರಿ ಲೈಸಿಸ್ ಬಫರನ್ನು 20 ಪಟ್ಟು ಡೈಲ್ಯೂಟ್ ಮಾಡಿ, 20 ಮೈಕ್ರೊಲೀಟರ್ ಹಾಕಿ, ನೀರಿನ ಬ್ಲಾಂಕಿಗೆ ಹೋಲಿಸಿ. ವ್ಯತ್ಯಾಸ 0.01ರೊಳಗಿದ್ದರೆ ನಾನು ತಲೆ ಕೆಡಿಸಿಕೊಳ್ಳುವುದಿಲ್ಲ. ಹೆಚ್ಚಿದ್ದರೆ ಬರೀ ಆ ಓಡಿಯನ್ನು ಕಳೆದರೆ ಸಾಲದು, ಕರ್ವ್‌ನ ಇಳಿಜಾರೇ ಬದಲಾಗಿರಬಹುದು. ಬಿಎಸ್‌ಎ ಸ್ಟ್ಯಾಂಡರ್ಡ್‌ಗಳನ್ನೇ ಅದೇ 20 ಪಟ್ಟು ತೆಳು ಬಫರ್‌ನಲ್ಲಿ ಮಾಡಿಕೊಳ್ಳಿ. ಎಸ್‌ಡಿಎಸ್ ಜಾಸ್ತಿಯಿರುವ ಬಫರಾದರೆ ಬಿಸಿಎ ವಿಧಾನಕ್ಕೆ ಹೋಗುವುದೇ ಕ್ಷೇಮ.

ಸ್ಟ್ಯಾಂಡರ್ಡ್ ಮತ್ತು ಸ್ಯಾಂಪಲ್‌ಗಳಿಗೆ ರಿಯೇಜೆಂಟನ್ನು ಒಟ್ಟಿಗೇ ಹಾಕಿ, 5 ನಿಮಿಷ ಬಿಟ್ಟು, ಒಂದು ಗಂಟೆಯೊಳಗೆ ಎಲ್ಲವನ್ನೂ ಓದಿ ಮುಗಿಸಿ. ನಿನ್ನೆಯ ಕರ್ವ್ ಇವತ್ತಿನ ಸ್ಯಾಂಪಲ್‌ಗೆ ಆಗುವುದಿಲ್ಲ. ಬಾಟಲಿಯನ್ನು ಫ್ರಿಜ್‌ನಿಂದ ತೆಗೆದು ಕೋಣೆಯ ಉಷ್ಣಾಂಶಕ್ಕೆ ಬರಲು ಬಿಡಿ, ನೊರೆ ಏಳದಂತೆ ಮೆಲ್ಲಗೆ ತಲೆಕೆಳಗು ಮಾಡಿ ಬೆರೆಸಿ, ಬಣ್ಣ ತಳಕ್ಕೆ ಕೂತಿರುತ್ತದೆ. ಕ್ವಾರ್ಟ್ಜ್ ಕ್ಯುವೆಟ್ ಬೇಡ, ನೀಲಿ ಹಿಡಿದುಕೊಳ್ಳುತ್ತದೆ. ಪ್ಲಾಸ್ಟಿಕ್‌ನದು ಸಾಕು.

ಇನ್ನೊಂದು ಮಾತು. ಬಿಎಸ್‌ಎ ಈ ಬಣ್ಣಕ್ಕೆ ಬಹಳಷ್ಟು ಪ್ರೋಟೀನ್‌ಗಳಿಗಿಂತ ಜೋರಾಗಿ ಸ್ಪಂದಿಸುತ್ತದೆ. ಅದೇ ತೂಕದ ಐಜಿಜಿ ಸುಮಾರು ಅರ್ಧದಷ್ಟು ಬಣ್ಣ ಕೊಡುತ್ತದೆ. ನಿಮ್ಮ 8.3 ಎಂದರೆ 'ಬಿಎಸ್‌ಎ ಲೆಕ್ಕದಲ್ಲಿ 8.3'. ಲೇನ್‌ಗಳಿಗೆ ಸಮ ಪ್ರಮಾಣ ಹಂಚಲು ಅದು ಧಾರಾಳ ಸಾಕು. ಶುದ್ಧೀಕರಿಸಿದ ಆಂಟಿಬಾಡಿ ಅಳೆಯುವಾಗ ಮಾತ್ರ ಬಿಎಸ್‌ಎ ಬಿಟ್ಟು ಗಾಮಾ ಗ್ಲಾಬ್ಯುಲಿನ್ ಸ್ಟ್ಯಾಂಡರ್ಡ್ ಹಿಡಿಯಿರಿ.