ಸೀನ್ ನಂಬರ್ ಹಾಕುವುದು ಯಾವಾಗ?

"ಫಿಲ್ಮ್ ಕೋರ್ಸ್ ಎರಡನೇ ವರ್ಷ. 12 ಪುಟದ ಕಿರುಚಿತ್ರ ಬರೆದಿದ್ದೀನಿ, ಅಜ್ಜಿ ಮಗನಿಗೆ ಫೋನ್ ಮಾಡೋ ಕಥೆ, ನಾನೇ ಡೈರೆಕ್ಟ್ ಮಾಡ್ತೀನಿ. ಮೇಷ್ಟ್ರು 'ಇದಿನ್ನೂ ಸ್ಪೆಕ್, ಶೂಟಿಂಗ್ ಸ್ಕ್ರಿಪ್ಟ್ ತಗೊಂಡು ಬಾ' ಅಂದ್ರು. ಏನು ಬದಲಾಯಿಸಬೇಕು? ಈಗಲೇ ಮಾಡ್ಬೇಕಾ?"

ಮೊದಲು ಈ ಪ್ರಶ್ನೆಗೆ ಬಂದ ಇನ್ನೊಂದು ಉತ್ತರದ ಬಗ್ಗೆ ಒಂದು ಮಾತು. "ಕ್ಯಾಮೆರಾ ಆಂಗಲ್ ಹಾಕಿದ್ರೆ ಶೂಟಿಂಗ್ ಸ್ಕ್ರಿಪ್ಟ್ ಆಯ್ತು" ಅಂತ ಒಬ್ಬರು ಬರೆದಿದ್ದಾರೆ. ಅದು ಅರ್ಧ ಸರಿ. ಶೂಟಿಂಗ್ ಸ್ಕ್ರಿಪ್ಟ್ ಅಂದರೆ ತಂಡದವರೆಲ್ಲ ಇಟ್ಟುಕೊಂಡು ಕೆಲಸ ಮಾಡುವ ಪ್ರತಿ. ಕೆಲವು ನಿರ್ದೇಶಕರು ಮುಖ್ಯವಾದ ಶಾಟ್‌ಗಳನ್ನು ಅದರಲ್ಲೇ ಬರೆಯುತ್ತಾರೆ. ಆದರೆ ಸೀನನ್ನು ಶಾಟ್‌ಗಳಾಗಿ ಒಡೆಯುವ ಶಾಟ್ ಡಿವಿಷನ್ ಸಾಮಾನ್ಯವಾಗಿ ಬೇರೆ ಹಾಳೆಯಲ್ಲಿರುತ್ತದೆ. ಆಂಗಲ್ ಒಂದೂ ಇಲ್ಲದ ಶೂಟಿಂಗ್ ಸ್ಕ್ರಿಪ್ಟ್ ಇರಬಹುದು. ಸೀನ್ ನಂಬರ್ ಇಲ್ಲದೆ ಮಾತ್ರ ನಡೆಯುವುದಿಲ್ಲ.

ಸ್ಪೆಕ್ ಅನ್ನುವುದು ಅಮೆರಿಕದ ಪದ. ಯಾರೂ ಕೇಳದೆ, ಮುಂಗಡ ಕೊಡದೆ, ಮಾರಾಟವಾದೀತು ಅನ್ನುವ ನಂಬಿಕೆಯಲ್ಲಿ ಬರೆದ ಸ್ಕ್ರಿಪ್ಟ್. ನಮ್ಮಲ್ಲಿ ಆ ಕೆಲಸವನ್ನು ಬಹಳ ಸಲ ಬಾಯಲ್ಲೇ ಕಥೆ ಹೇಳುವ ನರೇಷನ್ನೇ ಮಾಡುತ್ತದೆ, ಹಾಗಾಗಿ ಪದ ಹೊಸದು ಅನ್ನಿಸುತ್ತದೆ. ಅದನ್ನು ಓದುವವರು ಕುರ್ಚಿಯಲ್ಲಿ ಕೂತು ಕಥೆ ಓದುವವರು. ನಂಬರ್ ಅವರಿಗೆ ಬೇಡ, ಲೆನ್ಸ್ ಅಂತೂ ಬೇಡವೇ ಬೇಡ. "ಕ್ಲೋಸ್ ಅಪ್: ಬೆರಳು" ಅಂತ ಬರೆಯುವ ಬದಲು "ಚಿಲಕದ ಮೇಲೆ ಅಜ್ಜಿಯ ಬೆರಳು ನಡುಗುತ್ತಿದೆ" ಅಂತ ಬರೆದರೆ ಓದುವವನ ಕಣ್ಣು ತಾನೇ ಹತ್ತಿರ ಹೋಗುತ್ತದೆ.

ಶೂಟಿಂಗ್ ಸ್ಕ್ರಿಪ್ಟ್ ಓದುವವರು ಕಥೆಗಾಗಿ ಓದುವುದಿಲ್ಲ. ಆರ್ಟ್‌ನವರು ಸಾಮಾನು ಹುಡುಕುತ್ತಾರೆ, ಅಸೋಸಿಯೇಟ್ ಡೈರೆಕ್ಟರ್ ದಿನ ಲೆಕ್ಕ ಹಾಕುತ್ತಾರೆ, ಸೌಂಡ್‌ನವರು ಗಲಾಟೆ ಎಲ್ಲಿರುತ್ತದೆ ಅಂತ ನೋಡುತ್ತಾರೆ. ಇವರೆಲ್ಲ ಒಬ್ಬರಿಗೊಬ್ಬರು ಮಾತಾಡುವುದು ನಂಬರ್‌ನಲ್ಲಿ.

ನಿಮ್ಮ ಕಥೆಯನ್ನೇ ತೆಗೆದುಕೊಳ್ಳೋಣ. ಅಜ್ಜಿ ಅಡುಗೆಮನೆಯಲ್ಲಿ, ಮಗ ಬಸ್ಸಿನಲ್ಲಿ, ಫೋನ್ ಮಾತು. ಸ್ಪೆಕ್‌ನಲ್ಲಿ ಎರಡು ಜಾಗವನ್ನೂ ಒಮ್ಮೆ ತೋರಿಸಿ, ಆಮೇಲೆ "ಇಂಟರ್‌ಕಟ್" ಅಂತ ಬರೆದು ಮಾತನ್ನು ಒಟ್ಟಿಗೆ ಹರಿಯಲು ಬಿಟ್ಟಿರುತ್ತೀರಿ. ಓದಲು ಚೆನ್ನಾಗಿದೆ. ಆದರೆ ಶೂಟ್ ಮಾಡುವಾಗ ಅದು ಎರಡು ಜಾಗ, ಬಹುಶಃ ಎರಡು ದಿನ. ಬಸ್ಸಿಗೆ ಬೇರೆ ನಂಬರ್ ಇಲ್ಲದಿದ್ದರೆ ಅದು ಶೆಡ್ಯೂಲ್‌ನಲ್ಲಿ ಬರುವುದೇ ಇಲ್ಲ. ಎಲ್ಲರೂ ಅದನ್ನು ಅಡುಗೆಮನೆ ಸೀನ್ ಅಂದುಕೊಳ್ಳುತ್ತಾರೆ. ಅದಕ್ಕೇ ಅಡುಗೆಮನೆ 7, ಬಸ್ 8 ಅಂತ ಒಡೆಯಬೇಕು. ಮಾತು ಎರಡೂ ಕಡೆ ಪೂರ್ತಿ ಇರಲಿ, ಏಕೆಂದರೆ ಇಬ್ಬರಿಂದಲೂ ಪೂರ್ತಿ ಸಂಭಾಷಣೆಯನ್ನು ತೆಗೆದುಕೊಳ್ಳುತ್ತೀರಿ. ಎಲ್ಲಿ ಕತ್ತರಿಸಬೇಕು ಅನ್ನುವುದು ಎಡಿಟಿಂಗ್‌ನಲ್ಲಿ ಗೊತ್ತಾಗುತ್ತದೆ.

ಈಗ ನಂಬರ್ ಲಾಕ್ ಆಯಿತು, ಅಂದರೆ ಇನ್ನು ಅದನ್ನು ಬದಲಾಯಿಸುವಂತಿಲ್ಲ ಅಂದುಕೊಳ್ಳಿ. ವಾರದ ನಂತರ ಬಸ್ಸಿಗೆ ಅನುಮತಿ ಸಿಗಲಿಲ್ಲ, ಬಸ್ ನಿಲ್ದಾಣದಲ್ಲೇ ತೆಗೆಯಬೇಕು. ನಂಬರ್ 8 ಹಾಗೇ ಇರುತ್ತದೆ, ತಲೆಬರಹ ಮಾತ್ರ ಬದಲಾಗುತ್ತದೆ. ಬದಲಾದ ಸಾಲಿನ ಬಲಗಡೆ ಅಂಚಿನಲ್ಲಿ ಒಂದು ನಕ್ಷತ್ರ ಹಾಕುತ್ತಾರೆ. ಅಜ್ಜಿ ಹೊಸಿಲಲ್ಲಿ ಕೂರುವ ಹೊಸ ಸೀನ್ ಬೇಕು ಅನ್ನಿಸಿತು, ಅದು 8A. 11 ಬೇಡವಾಯಿತು, ಹಾಗಂತ 12 ಅನ್ನು 11 ಮಾಡಬಾರದು. "11 – ಕೈಬಿಟ್ಟಿದೆ" ಅಂತ ಬರೆದು ಜಾಗ ಹಾಗೇ ಇಡಬೇಕು.

ಸಾದಾ ಟೆಕ್ಸ್ಟ್ ಫೈಲ್‌ನಲ್ಲೇ ಸ್ಕ್ರಿಪ್ಟ್ ಬರೆಯುವ ಫೌಂಟನ್ ಮಾದರಿಯಲ್ಲಿ ಬರೆಯುವವರಾದರೆ ಹೀಗೆ ಬರುತ್ತದೆ:

```
INT. ಅಜ್ಜಿ ಮನೆ, ಅಡುಗೆಮನೆ - ಸಂಜೆ #7#

@ಅಜ್ಜಿ
ಊಟ ಆಯ್ತಾ?

EXT. ಬಸ್ ನಿಲ್ದಾಣ - ಸಂಜೆ #8#

EXT. ಅಜ್ಜಿ ಮನೆ, ಹೊಸಿಲು - ಸಂಜೆ #8A#
```

ಆ `@` ಮರೆಯಬೇಡಿ. ಇಂಗ್ಲಿಷ್‌ನಲ್ಲಿ ಫೌಂಟನ್ ಪಾತ್ರದ ಹೆಸರನ್ನು ದೊಡ್ಡಕ್ಷರದಿಂದ ಗುರುತಿಸುತ್ತದೆ. ಕನ್ನಡದಲ್ಲಿ ದೊಡ್ಡಕ್ಷರ ಎಲ್ಲಿಂದ ಬರಬೇಕು? ಚಿಹ್ನೆ ಇಲ್ಲದಿದ್ದರೆ ಹೆಸರು, ಮಾತು ಎರಡೂ ಸಾಮಾನ್ಯ ವಿವರಣೆಯಾಗಿ ಸೇರಿಹೋಗುತ್ತವೆ.

ನಂಬರ್ ಬಗ್ಗೆ ಇಷ್ಟು ಹಟ ಹಿಡಿಯುವುದಕ್ಕೆ ನನಗೊಂದು ಕಾರಣವಿದೆ. ನನ್ನ ಮೊದಲ ಕಿರುಚಿತ್ರದಲ್ಲಿ ಶೂಟಿಂಗ್ ಹಿಂದಿನ ರಾತ್ರಿ ಒಂದು ಸೀನ್ ಕಿತ್ತು, ಎಲ್ಲ ನಂಬರ್ ಮತ್ತೆ ಸಾಲಾಗಿ ಹಾಕಿದೆ. ನೋಡಲು ಅಚ್ಚುಕಟ್ಟಾಗಿತ್ತು! ಬೆಳಿಗ್ಗೆ ಆರ್ಟ್ ಹುಡುಗ ಹಳೆಯ 9ರ ಸಾಮಾನು ತಂದಿದ್ದ, ನಾವು ಹೊಸ 9 ತೆಗೆಯಲು ನಿಂತಿದ್ದೆವು. ಅರ್ಧ ದಿನ ಹೋಯಿತು. ಅದಕ್ಕಿಂತ ದೊಡ್ಡ ಪೆಟ್ಟು ಎಡಿಟಿಂಗ್‌ನಲ್ಲಿ ಬಿತ್ತು. ಹಿಂದಿನ ವಾರವೇ ಒಂದು ದಿನ ಶೂಟ್ ಆಗಿತ್ತು. ಕ್ಲಾಪ್ ಬೋರ್ಡಿನಲ್ಲಿ "ಸೀನ್ 12, ಟೇಕ್ 1" ಅಂತ ಎರಡು ಬೇರೆ ಬೇರೆ ಸೀನ್. ಸೌಂಡ್ ಫೈಲ್‌ಗೂ ಅದೇ ಹೆಸರು. ಒಂದೊಂದೇ ಕೇಳಿ ಹೊಂದಿಸಿದೆವು.

ಇನ್ನು "ಈಗಲೇ ಮಾಡ್ಬೇಕಾ" ಅನ್ನುವುದು. ಎಷ್ಟನೇ ಡ್ರಾಫ್ಟ್ ಅನ್ನುವುದರ ಮೇಲೆ ಹೋಗಬೇಡಿ. ನಿಮ್ಮ ಸೀನ್ ನಂಬರ್ ನೋಡಿಕೊಂಡು ಬೇರೆ ಯಾರಾದರೂ ತಮ್ಮ ಕೆಲಸ ಶುರುಮಾಡುತ್ತಿದ್ದಾರಾ ಅಂತ ನೋಡಿ. ಪ್ರತಿ ಸೀನ್‌ಗೂ ಏನೇನು ಬೇಕು ಅಂತ ಪಟ್ಟಿ ಮಾಡುವ ಬ್ರೇಕ್‌ಡೌನ್‌ಗೆ ಅಸೋಸಿಯೇಟ್ ಕೂತ ದಿನವೇ ಲಾಕ್ ಮಾಡುವ ದಿನ. ಆ ಹೊತ್ತಿಗೆ ಮನೆ ಯಾವುದು, ಅಜ್ಜಿ ಯಾರು ಅಂತ ಗೊತ್ತಾಗಿರಬೇಕು. ಇನ್ನೂ ಮನೆ ಹುಡುಕುತ್ತಿದ್ದರೆ ಸ್ಪೆಕ್‌ನಲ್ಲೇ ಇರಿ. ಬೇಗ ಲಾಕ್ ಮಾಡಿದರೆ ಇನ್ನೊಂದು ತೊಂದರೆ: ನಂಬರ್ ಬಿದ್ದ ಮೇಲೆ ಸೀನ್ ಕಿತ್ತುಹಾಕಲು ಮನಸ್ಸು ಬರುವುದಿಲ್ಲ. ಕಥೆ ಕುಂಟುತ್ತಿದ್ದರೂ 8A, 8B ಅಂತ ತೇಪೆ ಹಾಕುತ್ತಾ ಹೋಗುತ್ತೇವೆ. ಏನೂ ಶೂಟ್ ಆಗಿಲ್ಲದಿದ್ದರೆ, ತಂಡಕ್ಕೆಲ್ಲ ಹೇಳಿ ಲಾಕ್ ಬಿಚ್ಚಿ ಮತ್ತೆ ಬರೆಯಬಹುದು. ಒಂದೇ ಒಂದು ಸೀನ್ ಶೂಟ್ ಆಗಿದ್ದರೂ ಬಿಚ್ಚಬೇಡಿ.

ಬ್ರೇಕ್‌ಡೌನ್‌ನಲ್ಲಿ ಪುಟವನ್ನು 8 ಭಾಗ ಮಾಡಿ ಅಳೆಯುತ್ತಾರೆ. ಅಡುಗೆಮನೆ ಸೀನ್ ಒಂದೂಕಾಲು ಪುಟ ಇದ್ದರೆ 1 2/8. ಹೊಸ ತಂಡ ದಿನಕ್ಕೆ 3–4 ಪುಟಕ್ಕಿಂತ ಜಾಸ್ತಿ ಇಟ್ಟುಕೊಳ್ಳದಿದ್ದರೆ ಒಳ್ಳೆಯದು ಅನ್ನುವುದು ನನ್ನ ಅನುಭವ. ಆ ಲೆಕ್ಕದಲ್ಲಿ ನಿಮಗೆ ಮೂರು ನಾಲ್ಕು ದಿನ ಬೇಕು. ಪುಟಕ್ಕೊಂದು ನಿಮಿಷ ಅನ್ನುವ ಮಾತನ್ನು ಮಾತ್ರ ನಂಬಬೇಡಿ. ಅದು ಇಂಗ್ಲಿಷ್‌ನ 12 ಪಾಯಿಂಟ್ ಕೊರಿಯರ್ ಅಕ್ಷರಕ್ಕೆ ಹುಟ್ಟಿದ ಅಂದಾಜು. ಕನ್ನಡದಲ್ಲಿ ಮೊಬೈಲ್ ಟೈಮರ್ ಇಟ್ಟುಕೊಂಡು ಗಟ್ಟಿಯಾಗಿ ಓದಿ, ಅಜ್ಜಿಯ ಮೌನವನ್ನೂ ಸೇರಿಸಿ.

ಲಾಕ್ ಮಾಡುವ ಮುಂಚೆ ಸ್ಪೆಕ್‌ನ ಒಂದು ಪ್ರತಿಯನ್ನು ಬೇರೆ ಇಡಿ. ನಾಳೆ ಸ್ಪರ್ಧೆಗೋ ನಿರ್ಮಾಪಕರಿಗೋ ಕಳಿಸಬೇಕಾದದ್ದು ಅದು. "ಕೈಬಿಟ್ಟಿದೆ" ಅಂತ ಇರುವ ಸ್ಕ್ರಿಪ್ಟನ್ನು ಯಾರು ಓದುತ್ತಾರೆ, ಅಲ್ವಾ? ಹಾಲಿವುಡ್‌ನಲ್ಲಿ ಪ್ರತಿ ತಿದ್ದುಪಡಿಗೂ ಹಾಳೆಯ ಬಣ್ಣ ಬದಲಾಗುತ್ತದೆ. ಬಿಳಿ ಆದ ಮೇಲೆ ನೀಲಿ, ಆಮೇಲೆ ಗುಲಾಬಿ, ಹಳದಿ, ಹಸಿರು. ನಿಮಗೆ ಬಣ್ಣದ ಕಾಗದ ಬೇಡ. ಪಿಡಿಎಫ್ ಹೆಸರಿನಲ್ಲೂ ಪ್ರತಿ ಪುಟದ ಮೇಲೂ ತಾರೀಖು ಹಾಕಿ, ವಾಟ್ಸಾಪ್ ಗುಂಪಿನಿಂದ ಹಳೆಯದನ್ನು ಅಳಿಸಿ.

ಸೀರಿಯಲ್‌ಗೆ ಬರೆಯುವ ಮೇಡಂ "ನಮಗೆ ಡೈಲಾಗ್ ಬರೋದೇ ಬೆಳಿಗ್ಗೆ ಸೆಟ್‌ಗೆ, ಲಾಕ್ ಎಲ್ಲಿಂದ?" ಅಂತ ಕೇಳಿದ್ದಾರೆ. ಮೇಡಂ, ನಿಮ್ಮಲ್ಲಿ ದಿನವೂ ಅದೇ ಮನೆ, ಅದೇ ಜನ. ಹಾಗಾಗಿ ಹೇಗೋ ನಡೆಯುತ್ತದೆ. ಪ್ರಶ್ನೆ ಕೇಳಿದವರ ಬಳಿ ಬಾಡಿಗೆ ಕ್ಯಾಮೆರಾ ಇದೆ, ನಾಲ್ಕೇ ದಿನ ಇದೆ. ಆದರೂ ಒಂದು ವಿಷಯ ನಿಮ್ಮಿಂದ ತಿಳಿಯಬೇಕು. 8 ಮತ್ತು 8Aಯ ನಡುವೆ ಇನ್ನೊಂದು ಸೀನ್ ಬಂದರೆ ನಿಮ್ಮ ಅಸೋಸಿಯೇಟ್ ಏನು ಬರೆಯುತ್ತಾರೆ? ನಾನು A8A ಅಂತ ಬರೆಯುತ್ತೇನೆ, ಕ್ಲಾಪ್ ಹೊಡೆಯುವ ಹುಡುಗ ಪ್ರತಿ ಸಲ ನಗುತ್ತಾನೆ.