ಹಸಿ ಮೀನು ತಿಂದವರಿಗೆ ಲಿವರ್ ಹುಳದ ಪರೀಕ್ಷೆ: ಏನು ಮಾಡಿಸಬೇಕು, ಹೇಗೆ ಕೇಳಬೇಕು?

ಪ್ರಶ್ನೆ: ನಮ್ಮಣ್ಣ ಥೈಲ್ಯಾಂಡಿನ ಖೋನ್ ಕೇನ್ ಕಡೆ ಒಂದು ಸಕ್ಕರೆ ಕಾರ್ಖಾನೆಯಲ್ಲಿ ಕೆಲವು ವರ್ಷ ಕೆಲಸ ಮಾಡಿ ಈಗ ಮುಧೋಳಕ್ಕೆ ವಾಪಸ್ ಬಂದಿದ್ದಾನೆ. ಅಲ್ಲಿ ಸಂಗಡಿಗರ ಜೊತೆ ನಿಂಬೆಹುಳಿ, ಖಾರ ಹಾಕಿದ ಹಸಿ ಮೀನು ತಿನ್ನುತ್ತಿದ್ದನಂತೆ. ಅದರಿಂದ ಪಿತ್ತನಾಳದ ಕ್ಯಾನ್ಸರ್ ಬರುತ್ತದೆ ಅಂತ ಓದಿದೆ. ಅವನಿಗೆ ಈಗ ಏನೂ ತೊಂದರೆ ಇಲ್ಲ. ಪರೀಕ್ಷೆ ಬೇಕಾ? ಜಂತಿನ ಗುಳಿಗೆ ತಗೊಂಡರೆ ಸಾಕಾ?

ಪರೀಕ್ಷೆ ಬೇಕು. ಜಂತಿನ ಗುಳಿಗೆ ಸಾಕಾಗುವುದಿಲ್ಲ. ನಾನು ಬೆಳಗಾವಿಯ ಒಂದು ಲ್ಯಾಬ್‌ನಲ್ಲಿ ಮೈಕ್ರೋಬಯಾಲಜಿ ನೋಡಿಕೊಳ್ಳುವ ಡಾಕ್ಟರ್. ಇಂಥ ಪರೀಕ್ಷೆಗಳು ನಮ್ಮ ಕೈಯಲ್ಲಿ ಎಲ್ಲಿ ತಪ್ಪುತ್ತವೆ ಅನ್ನುವುದು ಗೊತ್ತಿರುವುದರಿಂದ ಸ್ವಲ್ಪ ವಿವರವಾಗಿ ಬರೆಯುತ್ತೇನೆ.

ನಿಮ್ಮಣ್ಣ ಇದ್ದ ಊರು ಈ ಕಾಯಿಲೆಯ ಹೃದಯಭಾಗದಲ್ಲೇ ಇದೆ. ಪಿತ್ತನಾಳದ ಕ್ಯಾನ್ಸರ್ ಜಗತ್ತಿನಲ್ಲೇ ಅತಿ ಹೆಚ್ಚು ಕಾಣುವುದು ಥೈಲ್ಯಾಂಡಿನ ಈಶಾನ್ಯ ಭಾಗದಲ್ಲಿ. ಅವನು ತಿಂದದ್ದು ಬಹುಶಃ 'ಕೊಯ್ ಪ್ಲಾ'. ಕೆರೆ, ಹೊಳೆಗಳ ಸಣ್ಣ ಮೀನನ್ನು ಹಸಿಯಾಗಿ ಕೊಚ್ಚಿ ನಿಂಬೆರಸ, ಮೆಣಸಿನಕಾಯಿ ಕಲಸಿ ಮಾಡುತ್ತಾರೆ. ನಿಂಬೆರಸದಿಂದ ಮಾಂಸ ಬೆಳ್ಳಗಾಗಿ ಬೆಂದ ಹಾಗೆ ಕಾಣುತ್ತದೆ, ಆದರೆ ಒಳಗಿನ ಮರಿಹುಳ ಸಾಯುವುದಿಲ್ಲ. ಖಾರಕ್ಕೂ ಸಾಯುವುದಿಲ್ಲ, ಜೊತೆಗೆ ಕುಡಿಯುವ ಸಾರಾಯಿಗೂ ಸಾಯುವುದಿಲ್ಲ.

ಈ ಹುಳದ ಹೆಸರು ಒಪಿಸ್ಥಾರ್ಕಿಸ್ ವಿವೆರಿನಿ, ಇಂಗ್ಲಿಷಿನಲ್ಲಿ ಲಿವರ್ ಫ್ಲೂಕ್ ಅನ್ನುತ್ತಾರೆ. ಉದ್ದ ಒಂದು ಸೆಂಟಿಮೀಟರಿಗಿಂತ ಕಡಿಮೆ. ಮನುಷ್ಯನ ಮಲದಲ್ಲಿ ಹೊರಬಂದ ಮೊಟ್ಟೆ ನೀರು ಸೇರಿ, ಒಂದು ಜಾತಿಯ ಬಸವನಹುಳುವಿನೊಳಗೆ ಬೆಳೆದು, ಅಲ್ಲಿಂದ ಹೊರಟ ಮರಿಗಳು ಮೀನಿನ ಮಾಂಸ ಹೊಕ್ಕು ಕೂರುತ್ತವೆ. ಆ ಮೀನನ್ನು ಹಸಿಯಾಗಿ ತಿಂದರೆ ಮರಿ ಸಣ್ಣ ಕರುಳಿನಲ್ಲಿ ಬಿಡಿಸಿಕೊಂಡು ಪಿತ್ತನಾಳದ ಬಾಯಿಯಿಂದ ಲಿವರ್ ಕಡೆ ಹತ್ತುತ್ತದೆ. ಸುಮಾರು ಒಂದು ತಿಂಗಳಲ್ಲಿ ಬಲಿತು ಮೊಟ್ಟೆ ಇಡಲು ಶುರುಮಾಡುತ್ತದೆ, ಹತ್ತು ವರ್ಷಕ್ಕೂ ಜಾಸ್ತಿ ಬದುಕಬಲ್ಲದು. ಹಾಗಾಗಿ ಊರಿಗೆ ಬಂದ ಮಾತ್ರಕ್ಕೆ ಹುಳ ಹೋಗಿರುವುದಿಲ್ಲ. ಮನೆಯವರಿಗೆ ಅಂಟುತ್ತದೆ ಅನ್ನುವ ಭಯ ಮಾತ್ರ ಬೇಡ. ನಡುವೆ ಬಸವನಹುಳು, ಮೀನು ಎರಡೂ ಬೇಕು. ತಟ್ಟೆ, ಹಾಸಿಗೆ ಹಂಚಿಕೊಂಡರೆ ಬರುವುದಿಲ್ಲ.

ಈಗ ಕ್ಯಾನ್ಸರಿನ ಮಾತು. ಹುಳ ತಾನಾಗಿ ಕ್ಯಾನ್ಸರ್ ಆಗುವುದಿಲ್ಲ, ನಾಳದ ಒಳಪದರವನ್ನು ವರ್ಷಗಟ್ಟಲೆ ಮಾಯಲು ಬಿಡುವುದಿಲ್ಲ. ಹೀರುಬಾಯಿಯಿಂದ ಒಳಪದರ ಕಚ್ಚಿ ಗಾಯ ಮಾಡುತ್ತದೆ. ಅದು ಹೊರಬಿಡುವ ಒಂದು ಪ್ರೊಟೀನು ಅಲ್ಲಿನ ಜೀವಕೋಶಗಳನ್ನು ಬೇಗ ಬೇಗ ಬೆಳೆಯುವಂತೆ ಮಾಡುತ್ತದೆ. ಹುಳದ ವಿರುದ್ಧ ಹೋರಾಡುವ ನಮ್ಮ ದೇಹದ ಕೋಶಗಳು ನೈಟ್ರಿಕ್ ಆಕ್ಸೈಡಿನಂಥ ರಾಸಾಯನಿಕಗಳನ್ನು ಸುರಿಯುತ್ತವೆ. ಅವು ನಮ್ಮ ಡಿಎನ್ಎಗೂ ಪೆಟ್ಟು ಕೊಡುತ್ತವೆ. ಒಂದು ಕಡೆ ಡಿಎನ್ಎ ಕೆಡುತ್ತಿದೆ, ಇನ್ನೊಂದು ಕಡೆ ಅದೇ ಕೋಶ ಗಾಯ ಮುಚ್ಚಲು ಪದೇ ಪದೇ ಒಡೆದು ಎರಡಾಗುತ್ತಿದೆ. ತಪ್ಪು ಉಳಿದುಕೊಳ್ಳುವುದು ಅಲ್ಲೇ. ನಾಳದ ಸುತ್ತ ನಾರು ಕಟ್ಟಿ ಗೋಡೆ ದಪ್ಪವಾಗುತ್ತದೆ. ಇದೆಲ್ಲ ನಡೆಯಲು ಸಾಮಾನ್ಯವಾಗಿ ಎರಡು, ಮೂರು ದಶಕ ಬೇಕು. ಈ ಹುಳವನ್ನು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 1994ರಲ್ಲೇ ಖಚಿತ ಕ್ಯಾನ್ಸರ್‌ಕಾರಕಗಳ ಪಟ್ಟಿಗೆ ಸೇರಿಸಿದೆ. ಹಾಗಂತ ಹುಳ ಇದ್ದವರಿಗೆಲ್ಲ ಕ್ಯಾನ್ಸರ್ ಬರುವುದಿಲ್ಲ, ಕೆಲವರಿಗೆ ಮಾತ್ರ. ಅಪಾಯ ಹೆಚ್ಚುವುದು ಹುಳದ ಹೊರೆ ಜಾಸ್ತಿ ಇದ್ದು, ವರ್ಷಗಟ್ಟಲೆ ಉಳಿದಾಗ, ಮತ್ತು ಗುಳಿಗೆ ತಗೊಂಡು ಮತ್ತೆ ಹಸಿ ಮೀನು ತಿಂದು ಹೊಸದಾಗಿ ಹುಳ ಹತ್ತಿಸಿಕೊಂಡಾಗ.

ಇನ್ನು ಪರೀಕ್ಷೆ. ಮೊದಲನೆಯದು ಮಲ ಪರೀಕ್ಷೆ. ನಮ್ಮ ಕಡೆ ಲ್ಯಾಬ್‌ಗಳಲ್ಲಿ ಸಾಮಾನ್ಯವಾಗಿ ಒಂದು ಹನಿ ಸಲೈನಿನಲ್ಲಿ ಚೂರು ಮಲ ಕಲಸಿ, ಗಾಜಿನ ಮೇಲೆ ಹಾಕಿ ನೋಡಿ, 'ಮೊಟ್ಟೆ ಕಾಣಲಿಲ್ಲ' ಅಂತ ಬರೆದು ಕೊಡುತ್ತಾರೆ. ಹುಳ ಕಡಿಮೆ ಇದ್ದರೆ ಅದರಲ್ಲಿ ಸಿಗುವುದೇ ಇಲ್ಲ. ಈ ಮೊಟ್ಟೆ ಬಹಳ ಸಣ್ಣದು, ಉದ್ದ ಸುಮಾರು 27 ಮೈಕ್ರಾನ್. ನಮಗೆ ದಿನಾ ಕಾಣುವ ದುಂಡುಹುಳದ ಮೊಟ್ಟೆಯ ಅರ್ಧದಷ್ಟು. ದೊಡ್ಡ ಲೆನ್ಸ್ ಹಾಕಿ ನಿಧಾನವಾಗಿ ನೋಡಿದರೆ ಕಂದು ಹಳದಿ ಬಣ್ಣದಲ್ಲಿ, ಮುಚ್ಚಳ ಇಟ್ಟ ಪುಟ್ಟ ಗಡಿಗೆಯ ಹಾಗೆ ಕಾಣುತ್ತದೆ. ಮುಚ್ಚಳ ಕೂರುವ ಅಂಚು ಸ್ವಲ್ಪ ಹೊರಚಾಚಿರುತ್ತದೆ. ಅವಸರದಲ್ಲಿ ನೋಡುವವರಿಗೆ ಅದು ಕಸದ ಚೂರು ಅಷ್ಟೇ.

ಅದಕ್ಕೇ ಹೀಗೆ ಮಾಡಿ. ಬೇರೆ ಬೇರೆ ದಿನ ಮೂರು ಸಲ ಮಲ ಕೊಡಿಸಿ. ಚೀಟಿಯ ಮೇಲೆ 'ಈಶಾನ್ಯ ಥೈಲ್ಯಾಂಡಿನಲ್ಲಿ ಹಸಿ ಮೀನು ತಿಂದಿದ್ದಾರೆ, ಲಿವರ್ ಫ್ಲೂಕ್ ಮೊಟ್ಟೆಗಾಗಿ ಫಾರ್ಮಾಲಿನ್ ಈಥರ್ ಕಾನ್ಸಂಟ್ರೇಶನ್ ಮಾಡಿ' ಅಂತ ಡಾಕ್ಟರ ಕೈಯಲ್ಲಿ ಬರೆಸಿ. ಈ ವಿಧಾನದಲ್ಲಿ ಮಲವನ್ನು ಸೋಸಿ, ಯಂತ್ರದಲ್ಲಿ ವೇಗವಾಗಿ ತಿರುಗಿಸಿ, ತಳಕ್ಕಿಳಿದ ಗಸಿಯನ್ನು ನೋಡುತ್ತೇವೆ. ಮುಧೋಳದಲ್ಲಿ ಆಗದಿದ್ದರೆ ಬಾಗಲಕೋಟೆ ಅಥವಾ ಬೆಳಗಾವಿಯ ಮೆಡಿಕಲ್ ಕಾಲೇಜಿನ ಮೈಕ್ರೋಬಯಾಲಜಿ ವಿಭಾಗದಲ್ಲಿ ವಿಚಾರಿಸಿ. ಕೊನೆಯ ಸಲ ಹಸಿ ಮೀನು ತಿಂದು ಒಂದು ತಿಂಗಳು ದಾಟಿರಬೇಕು. ಅದಕ್ಕೆ ಮುಂಚೆ ಮೊಟ್ಟೆ ಬರುವುದಿಲ್ಲ.

ಎರಡನೆಯದು ಖಾಲಿ ಹೊಟ್ಟೆಯಲ್ಲಿ ಅಲ್ಟ್ರಾಸೌಂಡ್. ಸ್ಕ್ಯಾನ್ ಮಾಡುವವರಿಗೂ ಥೈಲ್ಯಾಂಡ್ ವಿಷಯ ಹೇಳಿ. ಹೇಳದಿದ್ದರೆ ಪಿತ್ತಕೋಶದಲ್ಲಿ ಕಲ್ಲು ಇದೆಯಾ ಅಂತ ಮಾತ್ರ ನೋಡಿ ಮುಗಿಸಬಹುದು. ಲಿವರ್ ಒಳಗಿನ ನಾಳಗಳು ಹಿಗ್ಗಿವೆಯಾ, ಗೋಡೆ ದಪ್ಪವಾಗಿದೆಯಾ ಅನ್ನುವುದು ನಿಮಗೆ ಬೇಕಾದ ಉತ್ತರ. ರಕ್ತದ ಲಿವರ್ ಪರೀಕ್ಷೆ ನಾರ್ಮಲ್ ಬಂದರೂ ಹುಳ ಇಲ್ಲ ಅಂತ ಅರ್ಥವಲ್ಲ.

ಮೊಟ್ಟೆ ಸಿಕ್ಕರೆ ಔಷಧಿ ಪ್ರಾಜಿಕ್ವಾಂಟೆಲ್. ಕಿಲೋಗೆ 25 ಮಿಲಿಗ್ರಾಂ ಲೆಕ್ಕದಲ್ಲಿ ದಿನಕ್ಕೆ ಮೂರು ಸಲ, ಎರಡು ದಿನ. ಅಣ್ಣನ ತೂಕ 60 ಕಿಲೋ ಅಂದುಕೊಳ್ಳಿ. ಒಂದು ಸಲಕ್ಕೆ 1500 ಮಿಲಿಗ್ರಾಂ, ಅಂದರೆ 600ರ ಗುಳಿಗೆ ಎರಡೂವರೆ. ಎರಡು ದಿನಕ್ಕೆ ಒಟ್ಟು 15 ಗುಳಿಗೆ. ಶಾಲೆಗಳಲ್ಲಿ ಕೊಡುವ 400 ಮಿಲಿಗ್ರಾಂ ಆಲ್ಬೆಂಡಜೋಲ್ ಒಂದೇ ಗುಳಿಗೆ ಇದಕ್ಕೆ ಯಾಕೆ ಸಾಲದು ಅಂತ ಈಗ ಗೊತ್ತಾಯ್ತಲ್ವಾ? ಆದರೆ ಮೆಡಿಕಲ್ ಶಾಪಿನಿಂದ ಸುಮ್ನೆ ತಂದು ನುಂಗಿಸಬೇಡಿ. ನಮ್ಮ ದೇಶದಲ್ಲಿ ಮಿದುಳಿನಲ್ಲಿ ಲಾಡಿಹುಳದ ಗಂಟು ಇರುವವರು ಕಡಿಮೆಯೇನಲ್ಲ. ಅಂಥವರಿಗೆ ಈ ಗುಳಿಗೆ ಕೊಟ್ಟರೆ ಮೂರ್ಛೆ ಬರಬಹುದು. ಕಣ್ಣಿನಲ್ಲಿ ಗಂಟಿದ್ದರಂತೂ ಕೊಡುವ ಹಾಗೇ ಇಲ್ಲ. ಮೊದಲು ಯಾವಾಗಲಾದರೂ ಫಿಟ್ಸ್ ಬಂದಿದ್ದರೆ ಡಾಕ್ಟರಿಗೆ ಮರೆಯದೆ ಹೇಳಿ. ಗುಳಿಗೆ ಮುಗಿದು ಒಂದು ತಿಂಗಳಾದ ಮೇಲೆ ಮತ್ತೆ ಮಲ ಪರೀಕ್ಷೆ ಮಾಡಿಸಿ.

ನಮ್ಮ ಕಡೆ ಕುರಿ ಕೊಯ್ದಾಗ ಲಿವರಿನಲ್ಲಿ ಕಾಣುವ ಚಪ್ಪಟೆ ಹುಳವೂ ಇದೇನಾ ಅಂತ ಕೆಲವರು ಕೇಳುತ್ತಾರೆ. ಅಲ್ಲ. ಅದು ಫ್ಯಾಸಿಯೋಲಾ, ನೀರಿನ ಅಂಚಿನ ಹುಲ್ಲಿನಿಂದ ಬರುತ್ತದೆ, ಆ ಕ್ಯಾನ್ಸರ್ ಪಟ್ಟಿಯಲ್ಲಿಲ್ಲ. ಆಲಮಟ್ಟಿ ಹಿನ್ನೀರಿನ ರೋಹು, ಕಟ್ಲ ಮೀನನ್ನು ಸಾರು ಮಾಡಿಯೋ ಚೆನ್ನಾಗಿ ಹುರಿದೋ ತಿನ್ನುವುದಕ್ಕೂ ಈ ಭಯ ಬೇಡ. ಒಳಗಿನವರೆಗೂ ಬೆಂದ ಮೀನಿನಲ್ಲಿ ಮರಿಹುಳ ಉಳಿಯುವುದಿಲ್ಲ.

ಅಲ್ಟ್ರಾಸೌಂಡಿನಲ್ಲಿ ನಾಳ ದಪ್ಪವಾಗಿದೆ ಅಂತ ಬಂದರೆ ಮೊಟ್ಟೆ ಸಿಗದಿದ್ದರೂ ಹೊಟ್ಟೆ, ಲಿವರ್ ತಜ್ಞರಿಗೆ ತೋರಿಸಿ. ಅವರು ಪಿತ್ತನಾಳಗಳನ್ನು ಸ್ಪಷ್ಟವಾಗಿ ತೋರಿಸುವ ಎಂಆರ್‌ಸಿಪಿ ಸ್ಕ್ಯಾನ್ ಬರೆಯಬಹುದು, ಎಷ್ಟು ತಿಂಗಳಿಗೊಮ್ಮೆ ನೋಡಬೇಕು ಅಂತಲೂ ಹೇಳುತ್ತಾರೆ. ಹುಳ ಸತ್ತರೂ ಹಳೆಯ ನಾರು ಪೂರ್ತಿ ಹೋಗದೇ ಇರಬಹುದು. ಕಣ್ಣು ಹಳದಿ, ಮೂತ್ರ ಕಡು ಬಣ್ಣ, ಮಲ ಬಿಳಿಚಿಕೊಳ್ಳುವುದು, ಮೈಯೆಲ್ಲ ತುರಿಕೆ, ತೂಕ ಇಳಿಯುವುದು, ಇವುಗಳಲ್ಲಿ ಯಾವುದು ಕಂಡರೂ ಹಳದಿ ಕಾಮಾಲೆಗೆ ಸೊಪ್ಪಿನ ಔಷಧಿ ಅಂತ ವಾರಗಟ್ಟಲೆ ಕಾಯಬೇಡಿ, ಅದೇ ವಾರ ಸ್ಕ್ಯಾನ್ ಮಾಡಿಸಿ. ಈ ಕ್ಯಾನ್ಸರನ್ನು ಪೂರ್ತಿ ತೆಗೆದುಹಾಕಲು ಆಗುವುದು ಆಪರೇಷನ್‌ನಿಂದ, ಅದೂ ಬೇಗ ಸಿಕ್ಕಾಗ ಮಾತ್ರ.