ಟುಲೂಸ್‌ನ ಲಿಫ್ಟಿನಲ್ಲಿ ಹವಾಮಾನದ ಮಾತು ಶುರು ಮಾಡುವುದು ಹೇಗೆ?

ಪ್ರಶ್ನೆ: ಕೆಲಸದ ಮೇಲೆ ಟುಲೂಸ್‌ಗೆ ಬರ್ತಿದ್ದೇನೆ. ಫ್ರೆಂಚ್ ಎ2 ಮುಗಿಸಿದ್ದೇನೆ. ಹೊಸಬರ ಹತ್ತಿರ ಮಳೆ, ಚಳಿ ಅಂತ ಮಾತು ಶುರು ಮಾಡೋದು ಹೇಗೆ? ಪುಸ್ತಕದ ವಾಕ್ಯಗಳೆಲ್ಲ ಪರೀಕ್ಷೆಗೆ ಬರೆದ ಹಾಗಿವೆ.

ಮೊದಲು ಪುಸ್ತಕದ 'ಕೆಲ್ ತಾಂ ಫೆತಿಲ್' ಬಿಟ್ಟುಬಿಡಿ. ಹವೆ ಹೇಗಿದೆ ಅಂತ ಎದುರಿಗೆ ನಿಂತವರನ್ನು ಕೇಳುವುದು ವಿಚಿತ್ರ ಅಲ್ವಾ, ಇಬ್ಬರಿಗೂ ಕಾಣುತ್ತಲೇ ಇರುತ್ತೆ. ಅದು ಬೇರೆ ಊರಲ್ಲಿರುವವರಿಗೆ ಫೋನ್ ಮಾಡಿದಾಗ ಕೇಳುವ ಪ್ರಶ್ನೆ. ಎದುರಿಗಿದ್ದಾಗ ಇಲ್ಲಿಯವರು ಕೇಳುವುದಿಲ್ಲ, ಸುಮ್ನೆ ಒಂದು ಮಾತು ಹೇಳಿ ಕೊನೆಗೆ 'ಆ್ಯಂ?' ಅಂತ ಎಳೆಯುತ್ತಾರೆ. ನಮ್ಮ 'ಅಲ್ವಾ' ಇದ್ದ ಹಾಗೇ. ನೀವು ಹೂಂ ಅಂದರೆ ಸಾಕು, ಮಾತು ಶುರುವಾಯಿತು. (ನಾನು ಕಿವಿಗೆ ಬಿದ್ದ ಹಾಗೆ ಕನ್ನಡದಲ್ಲಿ ಬರೆಯುತ್ತಿದ್ದೇನೆ. ಸೊನ್ನೆ ಇರುವ ಕಡೆ ಸ್ವರವನ್ನು ಮೂಗಿನಲ್ಲೇ ಮುಗಿಸಿ, ಕೊನೆಗೆ 'ನ್' 'ಮ್' ಸೇರಿಸಬೇಡಿ.)

ಆದರೆ ಅದಕ್ಕೂ ಮೊದಲು 'ಬೋಂಜೂರ್'. ಲಿಫ್ಟಿಗೆ ಹತ್ತಿದಾಗ, ಅಂಗಡಿಗೆ ಕಾಲಿಟ್ಟಾಗ, ಡಾಕ್ಟರ್ ಹತ್ತಿರ ಕಾಯುವ ಕೋಣೆಯಲ್ಲೂ. ಅದನ್ನು ಬಿಟ್ಟು ನೇರ ಮಳೆಗೆ ಹೋದರೆ, ಮಳೆ ಎಷ್ಟೇ ಜೋರಿದ್ದರೂ ಉತ್ತರ ಒಣಗಿರುತ್ತೆ.

ನವೆಂಬರ್ ಬೆಳಿಗ್ಗೆ ಅಂದುಕೊಳ್ಳಿ. ಮೇಲಿನ ಮಹಡಿಯ ವಯಸ್ಸಾದ ಹೆಂಗಸು ಲಿಫ್ಟಿನಲ್ಲಿದ್ದಾರೆ. ನೀವು: 'ಬೋಂಜೂರ್ ಮದಾಮ್'. ಅವರು: 'ಬೋಂಜೂರ್. ಫೆ ಪಾ ಶೋ ಸ ಮತ್ಯಾಂ, ಆ್ಯಂ?' ಬಿಡಿಸಿ ನೋಡಿದರೆ 'ಇವತ್ತು ಬೆಳಿಗ್ಗೆ ಸೆಖೆ ಇಲ್ಲ' ಅಷ್ಟೇ, ಆದರೆ ಅವರು ಹೇಳುತ್ತಿರುವುದು ಚಳಿ ಹಿಡಿದಿದೆ ಅಂತ. ಪುಸ್ತಕದ 'ಇಲ್ ನ ಫೆ ಪಾ ಶೋ' ಬಾಯಲ್ಲಿ ಹೀಗೆ ಕರಗಿ ಹೋಗುತ್ತೆ, 'ಇಲ್' ಕೂಡ ಇಲ್ಲ, 'ನ' ಕೂಡ ಇಲ್ಲ. ಹಾಗಾಗಿ ಕಿವಿ 'ಪಾ ಶೋ' ಅನ್ನುವುದನ್ನು ಹಿಡಿದರೆ ಸಾಕು.

ಈಗ ಉತ್ತರ. ಕನ್ನಡದವರು ಎಡವುವ ಜಾಗ ಇದೇ. 'ಇಲ್ಲ ಅಲ್ವಾ' ಅಂದರೆ ನಾವು 'ಹೌದು' ಅಂತ ಒಪ್ಪುತ್ತೇವೆ. ಅದೇ ಅಭ್ಯಾಸದಲ್ಲಿ ಬಾಯಿಗೆ 'ವಿ' ಬರುತ್ತೆ. ಫ್ರೆಂಚಿನಲ್ಲಿ 'ಇಲ್ಲ' ಅಂದಿದ್ದನ್ನು ಒಪ್ಪುವುದು 'ನೋಂ' ಅಂತಲೇ: 'ಆ ನೋಂ, ಫೆ ಪಾ ಶೋ!' ಒಪ್ಪದಿದ್ದರೆ 'ಸಿ'. ನೀವು 'ವಿ' ಅಂದರೆ ಏನೂ ಮುಳುಗುವುದಿಲ್ಲ, ಆದರೆ ಆಕೆ ಅರೆಕ್ಷಣ ನಿಮ್ಮ ಮುಖ ನೋಡುತ್ತಾರೆ. 'ನೋಂ' ಅಂದು ತಲೆ ಅಲ್ಲಾಡಿಸಿದರೆ ಮಾತು ನಿಲ್ಲದೆ ಸಾಗುತ್ತೆ.

ಇನ್ನು ಅದನ್ನು ಮುಂದಕ್ಕೆ ತಳ್ಳಬೇಕು. ನನಗೆ ಜಾಸ್ತಿ ಉಪಯೋಗಕ್ಕೆ ಬಂದಿದ್ದು ಎರಡು ವಾಕ್ಯ. ಒಂದು, 'ಇಲ್ ಪರೆ ಕ ಸಾ ವಾ ದ್ಯುರೆ', ಇನ್ನೂ ಹೀಗೇ ಇರುತ್ತಂತೆ. ಇನ್ನೊಂದು, 'ಇಲ್ಜ್ ಅನೋಂಸ್ ದ ಲಾ ಪ್ಲ್ವಿ ಪೂರ್ ದಮ್ಯಾಂ', ನಾಳೆ ಮಳೆ ಅಂತಿದ್ದಾರೆ. ಯಾರು ಅಂತಿದ್ದಾರೆ ಅಂತ ಯಾರೂ ಕೇಳಲ್ಲ, ಹವಾಮಾನದವರು. ಇವೆರಡೂ ನಿಮ್ಮ ಸ್ವಂತ ಅಭಿಪ್ರಾಯ ಅಲ್ಲ, ಹಾಗಾಗಿ ತಪ್ಪಾಗುವ ಭಯವೂ ಇಲ್ಲ. ಲಿಫ್ಟ್ ನಿಂತಾಗ 'ಆಲೇ, ಬಾನ್ ಜೂರ್ನೆ!' ಅವರೇ ಮೊದಲು ಹೇಳಿದರೆ 'ಮೆರ್ಸಿ, ವುಜ್ ಓಸಿ'. ಮೊದಲ ಸಲ ಇಷ್ಟೇ ಸಾಕು. ಹೆಸರು, ಊರು ಎಲ್ಲ ಅಲ್ಲೇ ಕೇಳಲು ಹೋಗಬೇಡಿ.

ಎರಡನೇ ಮೂರನೇ ಸಲ ಸಿಕ್ಕಾಗ ಹವೆಯಿಂದ ಬೇರೆ ಕಡೆ ಜಾರಬಹುದು. 'ವುಜ್ ಎತ್ ದ್ಯು ಕ್ವ್ಯಾಂ?', ನೀವು ಇಲ್ಲಿಯವರೇನಾ, ಅನ್ನುವುದು ಹಗುರವಾದ ಪ್ರಶ್ನೆ. ಅವರು ಬೇರೆ ಊರಿನವರಾದರೆ ಅಲ್ಲಿಯ ಮಳೆ, ಗಾಳಿ ಎಲ್ಲ ತಾನೇ ಬರುತ್ತೆ. ಸಂಬಳ, ಮದುವೆ ಮಾತ್ರ ಕೇಳಬೇಡಿ. ನಮ್ಮಲ್ಲಿ ಬಸ್ಸಿನಲ್ಲೇ ಕೇಳುತ್ತೇವೆ, ಇಲ್ಲಿ ನಡೆಯಲ್ಲ.

ಪ್ರತಿಯಾಗಿ ನಿಮಗೆ ಬರುವ ಪ್ರಶ್ನೆ ಹೆಚ್ಚುಕಡಿಮೆ ಒಂದೇ: ಭಾರತದಲ್ಲಿ ವರ್ಷವಿಡೀ ಸೆಖೆ ಅಲ್ವಾ? ಇದಕ್ಕೆ ಉತ್ತರ ಮೊದಲೇ ರೆಡಿ ಇಟ್ಟುಕೊಳ್ಳಿ. ನೀವು ಬೆಂಗಳೂರಿನವರಾದರೆ ಊರು ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿದೆ, ಹಾಗಾಗಿ ಅಷ್ಟು ಸೆಖೆ ಇಲ್ಲ ಅನ್ನಿ: 'ಸೆತಾ ನಫ್ ಸಾಂ ಮೆತ್ರ್ ದಾಲ್ತಿತ್ಯುದ್'. ಆಮೇಲೆ 'ಲಾ ಮೂಸೋಂ', ಅಂದರೆ ಮುಂಗಾರು, 'ದ ಜ್ವ್ಯಾಂ ಆ ಸೆಪ್ತಾಂಬ್ರ್', ಜೂನ್‌ನಿಂದ ಸೆಪ್ಟೆಂಬರ್‌ವರೆಗೆ. ಮಳೆಗಾಲ ಅಂತ ಒಂದು ಕಾಲವೇ ಇದೆ ಅನ್ನುವುದು ಇವರಿಗೆ ಕುತೂಹಲ, ಅಲ್ಲಿಂದ ಅವರೇ ಕೇಳುತ್ತಾ ಹೋಗುತ್ತಾರೆ.

ಋತುಗಳ ಹೆಸರು ಹೇಗೂ ಕಲಿತಿದ್ದೀರಿ. ಬೇಸಿಗೆ, ಶರತ್ಕಾಲ, ಚಳಿಗಾಲಕ್ಕೆ 'ಆನೇತೇ, ಆನೋತಾನ್, ಆನಿವೇರ್', ವಸಂತಕ್ಕೆ ಮಾತ್ರ 'ಓ ಪ್ರ್ಯಾಂತಾಂ'. ಅದೊಂದು ನೆನಪಿರಲಿ. ಆದರೆ ಮಾತಿನಲ್ಲಿ ಋತುವಿನ ಹೆಸರಿಗಿಂತ ಬೆಳಕಿನ ಲೆಕ್ಕವೇ ಜಾಸ್ತಿ. ಅಕ್ಟೋಬರ್ ಕೊನೆಯ ಭಾನುವಾರ ಗಡಿಯಾರ ಒಂದು ಗಂಟೆ ಹಿಂದಕ್ಕೆ ಹೋಗುತ್ತೆ, ಡಿಸೆಂಬರ್ ಮಧ್ಯದಲ್ಲಿ ಇಲ್ಲಿ 5.20ರ ಹೊತ್ತಿಗೆ ಸೂರ್ಯ ಮುಳುಗಿರುತ್ತಾನೆ. ಆಗ ಆಫೀಸಿನಿಂದ ಹೊರಡುವಾಗ ಎಲ್ಲರ ಬಾಯಲ್ಲೂ 'ಇಲ್ ಫೆ ನ್ವಿ ತೋ', ಬೇಗ ಕತ್ತಲಾಗುತ್ತಪ್ಪಾ. ಫೆಬ್ರವರಿಯಲ್ಲಿ 'ಲೇ ಜೂರ್ ರಾಲೋಂಜ್', ಹಗಲು ಉದ್ದ ಆಗ್ತಿದೆ. ಇದನ್ನು ನೀವೇ ಮೊದಲು ಹೇಳಿ ನೋಡಿ, ಕಾಫಿ ಮೆಷಿನ್ ಹತ್ತಿರ ಮುಖಗಳು ಅರಳುತ್ತವೆ.

ಬೇಸಿಗೆಯ ವಿಷಯದಲ್ಲಿ ಎರಡು ಎಚ್ಚರಿಕೆ. ನಿಮಗೆ ಸೆಖೆಯಾದರೆ 'ಜೆ ಶೋ' ಅನ್ನಿ. 'ಜ ಸ್ವಿ ಶೋ' ಅಂದರೆ ಹುಡುಗರ ಮಾತಿನಲ್ಲಿ 'ನಾನು ರೆಡಿ', ಇಲ್ಲವಾದರೆ ಕಾಮಕ್ಕೆ ಸಂಬಂಧಿಸಿದ ಅರ್ಥ. ಪಕ್ಕದ ಮನೆಯವರಿಗೆ ಎರಡೂ ಬೇಡ. ಇನ್ನೊಂದು, ಅವರು 'ಕಾನಿಕ್ಯುಲ್' ಅಂದಾಗ, ಅಂದರೆ ಬಿಸಿಗಾಳಿಯ ದಿನಗಳಲ್ಲಿ, 'ನಮ್ಮಲ್ಲಿ 40 ಡಿಗ್ರಿ ಮಾಮೂಲು' ಅಂತ ಜಂಬ ಬೇಡ. 2003ರ ಆಗಸ್ಟ್‌ನಲ್ಲಿ ಫ್ರಾನ್ಸ್‌ನಲ್ಲಿ ಸೆಖೆಗೆ ಸುಮಾರು 15,000 ಜನ ಸತ್ತರು, ಹೆಚ್ಚಿನವರು ವಯಸ್ಸಾದವರು. ಎಷ್ಟೋ ಮನೆಗಳಲ್ಲಿ ಎಸಿ ಇಲ್ಲ, ಫ್ಯಾನ್ ಕೂಡ ಇರಲ್ಲ, ಹಗಲು ಹೊತ್ತು ಕಿಟಕಿಯ ಹೊರಬಾಗಿಲು ಹಾಕಿಕೊಂಡು ಕತ್ತಲಲ್ಲಿ ಕೂರುತ್ತಾರೆ. 'ವು ಫೆರ್ಮೇ ಲೇ ವೊಲೇ?', ಹೊರಬಾಗಿಲು ಮುಚ್ಚುತ್ತೀರಾ, ಅಂತ ಕೇಳಿ. ಯಾವ ಹೊತ್ತಿಗೆ ಮುಚ್ಚಬೇಕು, ಯಾವಾಗ ತೆರೆಯಬೇಕು ಅಂತ ಇಡೀ ಪಾಠ ಸಿಗುತ್ತೆ, ನಿಮಗೂ ಬೇಕಾಗುವಂಥದ್ದೇ.

ಟುಲೂಸ್‌ಗೇ ಸೇರಿದ ವಿಷಯ ಅಂದರೆ ಗಾಳಿ. ಆಗ್ನೇಯದಿಂದ ಬೀಸುವ 'ಓತಾಂ', ಒಮ್ಮೊಮ್ಮೆ ದಿನಗಟ್ಟಲೆ ನಿಲ್ಲಲ್ಲ. ಇದಕ್ಕೆ ಹುಚ್ಚರ ಗಾಳಿ ಅಂತಲೂ ಹೆಸರಿದೆ. ಯಾರಾದರೂ ತಲೆನೋವು, ಮಕ್ಕಳು ಮಾತು ಕೇಳ್ತಿಲ್ಲ ಅಂತ ಗೊಣಗಿದರೆ 'ಸೆ ಲೋತಾಂ!' ಅನ್ನಿ, ಹೊಸಬರ ಬಾಯಲ್ಲಿ ಇದು ಬಂದರೆ ನಗುತ್ತಾರೆ.

ಇಷ್ಟೆಲ್ಲ ಆದರೂ 'ವು' ಬಿಡಬೇಡಿ, ನಮ್ಮ 'ನೀವು' ಇದ್ದಂತೆ. ಆಫೀಸಿನಲ್ಲಿ ಬೇಗ 'ತ್ಯು'ಗೆ, ಅಂದರೆ 'ನೀನು'ಗೆ ಇಳಿಯುತ್ತಾರೆ, ಬಿಲ್ಡಿಂಗಿನಲ್ಲಿ ವರ್ಷಗಳಾದರೂ 'ವು' ಇರಬಹುದು. ಅವರೇ 'ಓಂ ಪ ಸ ತ್ಯುತ್ವಾಯೇ', 'ತ್ಯು' ಅನ್ನಬಹುದು, ಅಂದಾಗ 'ಅವೆಕ್ ಪ್ಲೆಜೀರ್', ಖುಷಿಯಿಂದ, ಅಂದು ಬದಲಾಯಿಸಿ. ಅಂದಹಾಗೆ ಟುಲೂಸ್ ಕಡೆ 'ಮೆರ್ಸಿ' ಅಂದರೂ ಉತ್ತರವಾಗಿ ಇದನ್ನೇ ಹೇಳುತ್ತಾರೆ, ಗಾಬರಿಯಾಗಬೇಡಿ.